ಆರು ಸಾಲಿನ ಶ್ರೀರಂಗಪಟ್ಟಣ

ಔರಾದದಿಂದ ಬೀದರಿಗೆ ಹೊರಡುವ ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿದ್ದರೂ ವಿಶಾಖಾಗೆ ಹೊರಗಿನ ತೊಗರಿ ಹೊಲ ಕಾಣಿಸಲಿಲ್ಲ. ಮಡಿಲಲ್ಲಿ ಹಾಲ್ ಟಿಕೆಟ್ಟು, ಎರಡು ಪೆನ್ನು. ಬಾಯೊಳಗೇ ಏನನ್ನೋ ಹೇಳಿಕೊಳ್ಳುತ್ತ ಬೆರಳು ಮಡಚುತ್ತಿದ್ದಳು. ಐದನೇ ಬೆರಳಿಗೆ ಬರುವಷ್ಟರಲ್ಲಿ ಒಂದನೆಯದು ಮರೆತು ಹೋಗುತ್ತಿತ್ತು. ಪಕ್ಕದಲ್ಲಿ ಕೂತ ಮುದುಕಿ ಕೇಶರಬಾಯಿ, "ಯಾಕವ್ವ, ಜಪ ಮಾಡ್ಲತ್ತಿ ಏನು?" ಎಂದು ಕೇಳಿಯೇಬಿಟ್ಟಳು.

"ಪರೀಕ್ಷಾ ಅದರಿ."

"ಈ ವಯಸ್ಸಿನ್ಯಾಗ?"

ಈ ವಯಸ್ಸೇ ತೊಡಕಾಗಿತ್ತು. ಹನ್ನೊಂದು ವರ್ಷದಿಂದ ಅಂಗನವಾಡಿ ನಡೆಸುತ್ತಿದ್ದ ವಿಶಾಖಾ ಮೇಲ್ವಿಚಾರಕಿ ಹುದ್ದೆಗೆ ಅರ್ಜಿ ಹಾಕಬೇಕಾದರೆ ಡಿಗ್ರಿ ಬೇಕು, ಮತ್ತು ವಯಸ್ಸಿನ ಮಿತಿ ಮುಗಿಯಲು ಉಳಿದದ್ದು ಇದೊಂದೇ ವರ್ಷ. ದೂರಶಿಕ್ಷಣದ ಬಿ.ಎ.ಯಲ್ಲಿ ಎಲ್ಲ ವಿಷಯಗಳೂ ಪಾಸಾಗಿದ್ದವು, ಇತಿಹಾಸದ ಒಂದು ಪತ್ರಿಕೆ ಬಿಟ್ಟು. ಹೋದ ಸಲ ನಾಲ್ಕು ಅಂಕಕ್ಕೆ ಹೋಗಿತ್ತು. ಓದಿರಲಿಲ್ಲವೆಂದಲ್ಲ. ಐದು ಅಂಕದ ಟಿಪ್ಪಣಿ ಬರೆಯಿರಿ ಎಂದು ನಾಲ್ಕು ಕೇಳಿದ್ದರು. ಮೊದಲನೆಯದು ಶ್ರೀರಂಗಪಟ್ಟಣ ಒಪ್ಪಂದ. ಅದೊಂದಕ್ಕೇ ಐದು ಪುಟ ತುಂಬಿಸಿ ತಲೆ ಎತ್ತಿದಾಗ ಗಂಟೆ ಹೊಡೆದಿತ್ತು. ಉಳಿದ ಮೂರು ಟಿಪ್ಪಣಿ ಹಾಗೇ ಖಾಲಿ ಉಳಿದಿದ್ದವು.

ಅದಕ್ಕೆ ಕಾರಣ ಅವಳ ತಂದೆ ಸಂಘಪಾಲ. ಭಾಲ್ಕಿ ತಾಲೂಕಿನ ಭಾತಂಬ್ರಾದಲ್ಲಿ ಸಾಲಿ ಮಾಸ್ತರರಾಗಿ ನಿವೃತ್ತರಾದವರು. ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಇಂಗ್ಲಿಷರಿಗೆ ಒತ್ತೆಯಾಗಿ ಒಪ್ಪಿಸಿದ ಕತೆಯನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳಿ ಪ್ರತಿ ವರ್ಷ ಕಣ್ಣೊರೆಸಿಕೊಳ್ಳುತ್ತಿದ್ದರು. ಆನೆ ಮೇಲೆ ಬಂದ ಹುಡುಗರು, ಬಿಳಿ ಮಲಮಲ್ಲಿನ ಅಂಗಿ, ಕೆಂಪು ಪಗಡಿ, ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್ ಆ ಹುಡುಗರ ಕೈಗಿಟ್ಟ ಚಿನ್ನದ ಗಡಿಯಾರ. ವಿಶಾಖಾಗೆ ಒಪ್ಪಂದವೆಂದರೆ ಆ ಹುಡುಗರೇ. ದಿನಾ ಅಂಥ ಇಪ್ಪತ್ತು ಮಕ್ಕಳ ಮೂಗು ಒರೆಸುವವಳು ಅವರನ್ನು ಹೇಗೆ ಬಿಟ್ಟು ಮುಂದೆ ಹೋದಾಳು?

ಆ ಫೇಲಿನ ನಂತರ ಅವಳು ಬೀದರಿನ ರೂತ ಟೀಚರ್ ಮನೆಗೆ ಪಾಠಕ್ಕೆ ಹೋಗತೊಡಗಿದ್ದಳು. ಇತಿಹಾಸ ಕಲಿಸಿ ನಿವೃತ್ತರಾದ ರೂತ, ಭಾನುವಾರ ಚರ್ಚಿನಿಂದ ಬಂದು ಕುಕ್ಕರ್ ಇಟ್ಟು ಪಾಠ ಶುರು ಮಾಡುತ್ತಿದ್ದರು. ವಿಶಾಖಾ ನೆನಪಿನಿಂದ ಬರೆದು ತೋರಿಸಿದ ಐದು ಪುಟವನ್ನು ಓದಿ ಮೊದಲು ನಕ್ಕಿದ್ದರು.

"'ಇಂಗ್ಲಿಷರು, ಮರಾಠರು ಹಾಗೂ ನಮ್ಮವರು ಸೇರಿ ಮುತ್ತಿಗೆ ಹಾಕಿದರು.' ನಮ್ಮವರು ಅಂದ್ರ ಯಾರವ್ವ?"

"ನಿಜಾಮರಿ. ನಮ್ಮ ಬೀದರ ಅವರ ಕಡಿನೇ ಇತ್ತಲ್ರಿ."

"ಪೇಪರ ತಿದ್ದೋವ್ರು ಮಂಡ್ಯದವ್ರಿದ್ರ? ಅವರಿಗಿ ನಮ್ಮವರು ಅಂದ್ರ ಟಿಪ್ಪು! ನಿಂಗ ಇಲ್ಲಿ ಗಾಂಧಿ ಗಂಜಿನ ಪ್ಯಾಟಿ ತನಕ ಓಡಿಸಿಕೊಂಡು ಬರ್ತಾರ ನೋಡು."

ಆಮೇಲೆ ನಗು ನಿಲ್ಲಿಸಿ ಕೈಬೆರಳು ಮುಂದೆ ಹಿಡಿದು ಒಂದೊಂದೇ ಮಡಚಿದ್ದರು. "ಯಾರ್ಯಾರ ನಡುವ, ಯಾವಾಗ. ಯಾಕ. ಏನು ಕೊಟ್ರು. ಮುಂದ ಏನಾಯ್ತು. ಅಂಕ ಇರೋದು ಇಷ್ಟಕ್ಕ. ಐದು ಪುಟ ಬರದ್ರೂ ಐದೇ, ಆರು ಸಾಲು ಬರದ್ರೂ ಐದೇ. ಕುಕ್ಕರ ಮೂರು ಸೀಟಿ ಹೊಡಿಯೋದ್ರಾಗ ಮುಗೀಬೇಕು. ಬರಿ."

ಆರು ತಿಂಗಳಲ್ಲಿ ಸಾಲ್ಬಾಯಿ ಒಪ್ಪಂದ ಮೂರು ಸೀಟಿಗೆ ಮುಗಿಯಿತು, ಬಸ್ಸೀನ್ ಒಪ್ಪಂದವೂ ಮುಗಿಯಿತು. ಶ್ರೀರಂಗಪಟ್ಟಣ ಮಾತ್ರ ಪ್ರತಿ ಸಲ ಅನ್ನ ತಳ ಹತ್ತುವ ತನಕ ನಡೆಯುತ್ತಿತ್ತು.

ಹಾಲ್‌ನಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ವಿಶಾಖಾ ನೇರ ಟಿಪ್ಪಣಿಗಳ ಭಾಗಕ್ಕೇ ಹೋದಳು. ನಾಲ್ಕನೆಯದಾಗಿ ಅದು ಕೂತಿತ್ತು: ಶ್ರೀರಂಗಪಟ್ಟಣ ಒಪ್ಪಂದ. ತನ್ನ ಕೈಯ ಗುಣ ಅವಳಿಗೆ ಗೊತ್ತಿತ್ತು. ಅದನ್ನು ಕೊನೆಗಿಟ್ಟು ದೊಡ್ಡ ಪ್ರಶ್ನೆಗಳನ್ನು ಮುಗಿಸಿದಳು, ಮೂರು ಟಿಪ್ಪಣಿ ಮುಗಿಸಿದಳು. ಬರೆಯುವಾಗಲೂ ನಾಲ್ಕನೆಯದು ಬೆನ್ನ ಹಿಂದೆ ನಿಂತು ನೋಡುತ್ತಿದ್ದಂತಿತ್ತು.

"ಇನ್ನ ಹದಿನೈದು ನಿಮಿಷ ಅದರಿ," ಎಂದರು ಮೇಲ್ವಿಚಾರಣೆಗೆ ಬಂದಿದ್ದ ಉಸ್ಮಾನ ಮಿಯಾ. "ಹೆಚ್ಚಿನ ಹಾಳಿ ಬೇಕಂದವ್ರು ಈಗೇ ಕೇಳ್ರಿ, ಆಮ್ಯಾಲ ಕಟ್ಟಲಾಕ ದಾರ ಹುಡುಕ್ಕೋತ ಕೂಡಬ್ಯಾಡ್ರಿ."

ಮುಂದಿನ ಬೆಂಚಿನವನು ಕೈ ಎತ್ತಿದ. ಹಿಂದಿನವಳೂ ಎತ್ತಿದಳು. ವಿಶಾಖಾಳ ಕೈ ತಾನಾಗಿ ಮೇಲೆ ಹೋಗುತ್ತಿತ್ತು, ಎಳೆದು ತೊಡೆಯ ಕೆಳಗಿಟ್ಟುಕೊಂಡಳು. ಅವಳ ಹಾಳೆಯಲ್ಲಿ ಉಳಿದದ್ದು ಅರ್ಧ ಪುಟ.

ಹಾಳೆಯ ಮೇಲೆ ಪೆನ್ನು ಊರಿದಳು. 'ಆ ದಿನ ಬಿಳಿ ಅಂಗಿ ತೊಟ್ಟ ಇಬ್ಬರು ಬಾಲಕರು' ಎಂದು ಅಕ್ಷರ ಬಿದ್ದೇಬಿಟ್ಟಿತು. ಅದರ ಮೇಲೆ ಗೆರೆ ಎಳೆದಳು. ಹನ್ನೆರಡು ನಿಮಿಷ.

ಯಾವಾಗ? 1784 ಅನ್ನಿಸಿತು. 1792 ಅನ್ನಿಸಿತು. ಕಾಲು ಬೆಂಚಿನಡಿ ತಟತಟನೆ ಆಡತೊಡಗಿತು. 84 ಅಂದರೆ ಎರಡನೇ ಯುದ್ಧ, ಅದು ಮುಗಿದದ್ದು ಮಂಗಳೂರು ಒಪ್ಪಂದದಲ್ಲಿ. ಅಲ್ಲಿ ಗೆದ್ದದ್ದನ್ನು ಇಬ್ಬರೂ ಹಿಂತಿರುಗಿಸಿದರು, ಯಾರೂ ಮಕ್ಕಳನ್ನು ಕೊಡಲಿಲ್ಲ. ಮಕ್ಕಳು ಹೋದದ್ದು ಮೂರನೆಯದರಲ್ಲಿ. ಹಾಗಾದರೆ 92. ಅವಳನ್ನು ಹೋದ ಸಲ ಮುಳುಗಿಸಿದ ಹುಡುಗರೇ ಈಗ ಇಸವಿ ಹಿಡಿದುಕೊಟ್ಟಿದ್ದರು. ಬರೆದಳು:

'ಮೂರನೇ ಆಂಗ್ಲೋ-ಮೈಸೂರು ಯುದ್ಧದ ಕೊನೆಗೆ, 1792ರ ಮಾರ್ಚ್‌ನಲ್ಲಿ, ಟಿಪ್ಪು ಸುಲ್ತಾನ ಹಾಗೂ ಇಂಗ್ಲಿಷ್, ಮರಾಠ, ನಿಜಾಮರ ಕೂಟದ ನಡುವೆ ಆದ ಒಪ್ಪಂದ. ಕಾರ್ನ್‌ವಾಲಿಸನ ಸೇನೆ ರಾಜಧಾನಿಯನ್ನು ಮುತ್ತಿದ್ದರಿಂದ ಟಿಪ್ಪು ಒಪ್ಪಬೇಕಾಯಿತು. ನಿಬಂಧನೆಗಳು: ಸುಮಾರು ಅರ್ಧ ರಾಜ್ಯವನ್ನು ಮೂವರಿಗೆ ಬಿಟ್ಟುಕೊಡುವುದು; ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಯುದ್ಧವೆಚ್ಚ ತೆರುವುದು; ಯುದ್ಧಕೈದಿಗಳ ಬಿಡುಗಡೆ; ಇವು ಈಡೇರುವ ತನಕ ಇಬ್ಬರು ಪುತ್ರರನ್ನು ಒತ್ತೆ ಇಡುವುದು. ಪರಿಣಾಮ: ಮೈಸೂರಿನ ಬಲ ಕುಗ್ಗಿ, 1799ರ ನಾಲ್ಕನೇ ಯುದ್ಧಕ್ಕೆ ದಾರಿಯಾಯಿತು.'

ಎಣಿಸಿದಳು. ಅವಳ ಅಗಲ ಅಕ್ಷರಕ್ಕೆ ಎಂಟು ಸಾಲಾಗಿತ್ತು. ಇರಲಿ. ಇನ್ನೂ ನಾಲ್ಕು ನಿಮಿಷ ಇತ್ತು, ಕೆಳಗೆ ನಾಲ್ಕು ಬೆರಳು ಬಿಳಿ ಜಾಗವೂ ಇತ್ತು. ಸುತ್ತ ಎಲ್ಲರೂ ಬರೆಯುತ್ತಿದ್ದರು. ಚಿನ್ನದ ಗಡಿಯಾರದ ಒಂದು ಮಾತು ಹಿಡಿಯುತ್ತಿತ್ತಲ್ಲ, ಪಗಡಿಯದೂ. ಕೊನೆಯ ಸಾಲಿನ ಕೆಳಗೆ ಒಂದು ಗೆರೆ ಎಳೆದು ಪೆನ್ನಿಗೆ ಟೋಪಿ ಹಾಕಿದಳು. ಉಸ್ಮಾನ ಮಿಯಾ ಬರುವ ಮೊದಲೇ ಎದ್ದು ಹೋಗಿ ಹಾಳೆ ಕೊಟ್ಟಳು. ಕೈಯಲ್ಲೇ ಇಟ್ಟುಕೊಂಡಿದ್ದರೆ ಪಗಡಿ, ಗಡಿಯಾರ ಬರೆದೇಬಿಡುತ್ತಿದ್ದಳು.

ಬೀದರಿನ ಬಸ್ ನಿಲ್ದಾಣದಲ್ಲಿ ಸಂಘಪಾಲ ಕಾಯುತ್ತಿದ್ದರು. ಮಗಳ ಮೋರೆ ನೋಡಲೆಂದೇ ಭಾಲ್ಕಿಯಿಂದ ಬಸ್ಸು ಹಿಡಿದು ಬಂದಿದ್ದರು.

"ಬಂದಿತ್ತೇನು?"

"ಬಂದಿತ್ತಪ್ಪಾ. ನಾಲ್ಕೂ ಬರದಿನಿ."

"ಆನಿ ಬರದಿ?"

"ಇಲ್ಲ."

"ಬಿಳಿ ಅಂಗಿ?"

"ಇಲ್ಲಪ್ಪಾ. 'ಇಬ್ಬರು ಪುತ್ರರನ್ನು ಒತ್ತೆ ಇಡುವುದು.' ಅಷ್ಟೇ."

ಮುದುಕರು ಕನ್ನಡಕ ತೆಗೆದು ಧೋತರದ ಅಂಚಿಗೆ ಒರೆಸತೊಡಗಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಅರ್ಧ ಸಾಲಿನ್ಯಾಗ ಕಳಿಸಿಬಿಟ್ಟಿ ಆ ಕೂಸುಗೋಳ್ನ," ಎಂದರು.

ವಿಶಾಖಾ ಅವರ ಪಕ್ಕ ಬೆಂಚಿನ ಮೇಲೆ ಕೂತಳು. ಔರಾದದ ಬಸ್ಸು ಬಂದು ನಿಂತಿತು. ಅವಳು ಎದ್ದಳು, ಹಾಗೇ ಮತ್ತೆ ಕೂತಳು. ಬೆರಳುಗಳು ಇನ್ನೂ ಒಂದೊಂದೇ ಮಡಚುತ್ತಿದ್ದವು.

"ಇದು ಹೋಗ್ಲಿ. ಮುಂದಿನ ಬಸ್ಸಿಗಿ ತಾಸು ಅದ. ನೀ ಹೇಳಪ್ಪಾ, ಆನಿಯಿಂದ ಹಿಡಿದು."

"ಅಂಕ ಬರಂಗಿಲ್ಲ ಅದಕ್ಕ," ಎಂದರು ಸಂಘಪಾಲ, ಇನ್ನೂ ಮುನಿಸಿನಲ್ಲೇ.

"ಅದಕ್ಕೇ ಹೇಳು ಅಂದಿನಿ."

ಅವರು ಕನ್ನಡಕ ಏರಿಸಿಕೊಂಡರು, ಗಂಟಲು ಸರಿಮಾಡಿಕೊಂಡರು.