ಅಪ್ಪಾಸಾಹೇಬರ ಬೆತ್ತದ ಕುರ್ಚಿ

ಖರಾಡಿಯ ಗಾಜಿನ ಆಫೀಸುಗಳ ಹಿಂದಿನ ಗಲ್ಲಿಯಲ್ಲಿ ಈರಬಸಪ್ಪನ ಕುರ್ಚಿ ರಿಪೇರಿ ಅಂಗಡಿ. ಅಲ್ಲೊಂದು ಕಟ್ಟಳೆ: ಚೌಕಟ್ಟಿನ ಕೆಲಸ ಮಾವ ಈರಬಸಪ್ಪನದು, ಬೆತ್ತ ಹೆಣೆಯುವುದು ಸೊಸೆ ತ್ರಿವೇಣಿಯದು. ಗರಗಸ ಗಂಡಸಿನ ಕೈಗಷ್ಟೇ ಒಗ್ಗುತ್ತದೆಂದು ಯಾವ ದೇವರು ಬರೆದಿಟ್ಟಿದ್ದನೋ!

ಅಪ್ಪಾಸಾಹೇಬರ ಕುರ್ಚಿ ಎರಡನೇ ಸಲ ವಾಪಸು ಬಂದಾಗ ಆ ಕಟ್ಟಳೆ ಅಲುಗಾಡಿತು. ಅವರು ಹಳೆಯ ಪೈಲ್ವಾನರು. ಕೂರುವುದೆಂದರೆ ಎದುರಾಳಿಯ ಮೇಲೆ ಬಿದ್ದಂತೆ. ತ್ರಿವೇಣಿ ಹಾಕಿದ ತೇಪೆ ಹರಿದು, ಕೂರುವ ಜಾಗ ಜೋಳಿಗೆಯಾಗಿತ್ತು. ಇನ್ನೊಮ್ಮೆ ಹೀಗಾದರೆ ಪ್ಲಾಸ್ಟಿಕ್ ಕುರ್ಚಿ ಕೊಳ್ಳುತ್ತೇನೆಂದು ಮರಾಠಿಯಲ್ಲಿ ಗುಡುಗಿದರು.

"ನಿನ್ನ ಹೆಣಿಕಿ ಸಡಿಲ ಅದ," ಎಂದುಬಿಟ್ಟ ಈರಬಸಪ್ಪ, ಗಿರಾಕಿಯ ಎದುರೇ.

ತ್ರಿವೇಣಿಗೆ ಮೈಯೆಲ್ಲ ಉರಿಯಿತು. ಅಪ್ಪಾಸಾಹೇಬರು ಹೋದದ್ದೇ ತಡ, ಕುರ್ಚಿಯನ್ನು ಬೋರಲು ಹಾಕಿದಳು. ಬೆತ್ತ ಪೋಣಿಸುವ ತೂತುಗಳ ಸಾಲಿನುದ್ದಕ್ಕೂ ಚೌಕಟ್ಟಿನ ಹಿಂದಿನ ಮರದ ಪಟ್ಟಿ ಸೀಳು ಬಿಟ್ಟಿತ್ತು. ಕಾಲು ಅಲುಗದಿದ್ದರೆ ಚೌಕಟ್ಟು ಗಟ್ಟಿ ಎಂಬುದು ಮಾವನ ಲೆಕ್ಕ. ಆತ ಕೆಳಗೆ ಬಗ್ಗಿ ನೋಡಿಯೇ ಇರಲಿಲ್ಲ.

"ಇಲ್ನೋಡ್ರಿ ಮಾವಾರ. ತೂಕ ಬಿದ್ದಾಗೊಮ್ಮೆ ಇದು ಬಾಯಿ ಬಿಡ್ತದ. ನೆನೆಸಿದ ಬೆತ್ತ ಒಣಗಿ ಬಿಗಿಯಾದಂಗ ಇನ್ನೂ ಜಗ್ಗತದ."

"ಅಂದ್ರ ತಪ್ಪು ನಂದ ಅಂತೀ?"

"ಪೂರಾ ಕುರ್ಚಿ ನನಗ ಬಿಡ್ರಿ. ಮತ್ತ ಹರದ್ರ ನಾ ಈ ಅಂಗಡಿ ಮೆಟ್ಟಲ ಹತ್ತಂಗಿಲ್ಲ."

ಆಡಿದ್ದು ಸಣ್ಣ ಮಾತಲ್ಲ. ಈ ಅಂಗಡಿಯೇ ಅವಳ ಪ್ರಾಣ. ಆದರೂ ಮಾವ ಮುಂದೆ ತಳ್ಳಿದ ಗರಗಸ ಹಿಡಿದಳು. ಸೀಳಿನೊಳಗೆ ಅಂಟು ತುಂಬಿ, ಹಗ್ಗ ಸುತ್ತಿ, ಅದರಲ್ಲಿ ಕೋಲು ತೂರಿಸಿ ತಿರುವಿ ಬಿಗಿದಳು. ಅದು ಒಣಗಿದ ಮೇಲೆ, ತೂತುಗಳಿಗೆ ಅಡ್ಡ ಬಾರದ ಹಾಗೆ ಕೆಳಗೆ ಸಾಗವಾನಿ ಪಟ್ಟಿ ಕೊಟ್ಟು ಸ್ಕ್ರೂ ಹಾಕಿದಳು. ನಾಲ್ಕೂ ಮೂಲೆಗೆ ತ್ರಿಕೋನದ ತುಂಡು ಕೂರಿಸಿದಳು. ಆಮೇಲೆಯೇ ಬೆತ್ತ ನೆನೆಸಿದ್ದು. ಹರಿದ ಎಳೆ ಕತ್ತರಿಸಿ, ಹೊಸ ಎಳೆಯನ್ನು ಇನ್ನೂ ಗಟ್ಟಿಯಿದ್ದ ಹಳೆ ಹೆಣಿಕೆಯೊಳಗೂ ದೂರದವರೆಗೆ ನುಗ್ಗಿಸಿ, ತೂತಿಗೆ ಬೆಣೆ ಬಡಿದಳು. ಪೂರ್ತಿ ಒಣಗುವ ತನಕ ಯಾರಿಗೂ ಮುಟ್ಟಗೊಡಲಿಲ್ಲ.

ಅಪ್ಪಾಸಾಹೇಬರು ಬಂದರು. ತ್ರಿವೇಣಿ ನೆಲಕ್ಕೆ ಕೂತು, ಕುರ್ಚಿಯ ಅಡಿಗೆ ಒಂದು ಬೆರಳಿನ ಅಂತರದಲ್ಲಿ ಅಂಗೈ ಒಡ್ಡಿದಳು. ಹೆಣಿಕೆ ಬಂದು ತಾಕಿದರೆ ಸೋತಂತೆ.

ಪೈಲ್ವಾನರು ಧೊಪ್ಪನೆ ಕೂತರು.

ಅಂಗೈಗೆ ಏನೂ ತಾಕಲಿಲ್ಲ. ಕಿರ್ ಎಂಬ ಸದ್ದೂ ಇಲ್ಲ. ಅಪ್ಪಾಸಾಹೇಬರು ಬೇಕೆಂದೇ ಎದ್ದು ಮತ್ತೊಮ್ಮೆ ಬಿದ್ದರು. ಕುರ್ಚಿ ಜಪ್ಪಯ್ಯ ಅನ್ನಲಿಲ್ಲ.

"ವಾ, ಈರಬಸಪ್ಪಾ! ಮಸ್ತ ಕಾಮ!" ಎಂದು ಅಪ್ಪಾಸಾಹೇಬರು ಕೆಲಸವನ್ನು ಮೆಚ್ಚಿಕೊಂಡರು.

ಹೊಗಳಿಕೆಯನ್ನು ಜೇಬಿಗಿಳಿಸಿಕೊಳ್ಳಬಹುದಿತ್ತು. ಈರಬಸಪ್ಪ ಹಾಗೆ ಮಾಡಲಿಲ್ಲ. ಚೌಕಟ್ಟೂ ಸೊಸೆಯದೇ, ಹೆಣಿಕೆಯೂ ಸೊಸೆಯದೇ, ಅವತ್ತು ತಪ್ಪಿದ್ದು ನಾನು ಎಂದು ಮರಾಠಿಯಲ್ಲಿ ಗಲ್ಲಿಗೆಲ್ಲ ಕೇಳುವ ಹಾಗೆ ಹೇಳಿದ. ತ್ರಿವೇಣಿಗೆ ಕುಣಿಯುವಷ್ಟು ಖುಷಿಯಾಯಿತು. ಸೆರಗಿನಿಂದ ಮುಖ ಒರೆಸಿಕೊಂಡಳು.

ಈರಬಸಪ್ಪ ಒಳಗಿನಿಂದ ಕಾಲು ಮುರಿದ ಆರಾಮ ಕುರ್ಚಿಯೊಂದನ್ನು ಹೊತ್ತು ತಂದು ಅವಳ ಮುಂದಿಟ್ಟ.

"ಇದರ ಕಾಲೂ ನೀನ ನೋಡವಾ."