ಒಂದು ನುಡಿ ಮುಗಿಯುವಷ್ಟು ಹೊತ್ತು

ಮಿಕ್ಸರ್ ಬಂದ ದಿನವೇ ನಾಗಿಯನ್ನು ಖಾನಾವಳಿಯಿಂದ ಬಿಡಿಸಿದರು. ಹನ್ನೊಂದು ವರ್ಷ ಅವಳು ತಿರುವಿದ ರುಬ್ಬುಕಲ್ಲನ್ನು ಕಿತ್ತು ಹಿತ್ತಲಿಗೆ ಉರುಳಿಸಿದರು.

ಉಳಿದವಳು ಕಲ್ಲವ್ವ. ನಾಗಿ ಹಾಡುತ್ತ ಗುಂಡು ತಿರುವಿದರೆ ಇವಳು ಹಿಟ್ಟು ದೂಡುತ್ತಿದ್ದಳು. ಈಗ ಖಾನಾವಳಿಯ ಸಾವ್ಕಾರ ಪರಮೇಶ್ವರಪ್ಪನ ಭಾವಮೈದುನ ಅಂದಾನಪ್ಪ ಹುಬ್ಬಳ್ಳಿಯಿಂದ ತಂದುಕೊಟ್ಟ ಯಂತ್ರದ ಮುಂದೆ ಒಬ್ಬಳೇ.

ಯಾರೂ ಕಲಿಸಲಿಲ್ಲ, ಯಂತ್ರದ ಮೈಮೇಲೆ ಅಂಗೈ ಇಟ್ಟು ಇಟ್ಟು ತಾನೇ ಕಲಿತಳು. ಜಾರು ಅರ್ಧಕ್ಕಿಂತ ತುಂಬಿದರೆ ಅದರ ದನಿ ಇಳಿಯುತ್ತದೆ. ನೀರು ಸಾಲದಿದ್ದರೆ ಹಿಟ್ಟು ಅಂಚಿಗೆ ಕಚ್ಚಿ, ಮೈ ಕಾಯುತ್ತದೆ. ನಾಗಿಯ ಹಾಡಿನ ಒಂದು ನುಡಿ ಮುಗಿಯುವಷ್ಟು ಹೊತ್ತು ತಿರುಗಿಸಿ ಆರಿಸುವಳು. ಅಂಚಿನ ಹಿಟ್ಟು ಕೆಳಗೆ ತಳ್ಳಿ, ಒಂದು ಗುಟುಕು ತಣ್ಣೀರು ಹನಿಸಿ, ಮೈ ಆರಿದ ಮೇಲೆ ಮತ್ತೆ ಒಂದು ನುಡಿ.

ಮಂಗಳವಾರ. ಸಂತೆಯ ಜನ ವಡೆಗೆ ಕಾದು ಕೂತಿದ್ದರು.

"ಎಷ್ಟು ಸಲಾ ನಿಲ್ಲಸ್ತಿಯವಾ? ಕಲ್ಲು ಹಿಂಗ ನಡುನಡುವ ನಿಲ್ತಿತ್ತೇನು?" ಪರಮೇಶ್ವರಪ್ಪ ಒಳಗೆ ಬಂದ.

"ಕಲ್ಲಿಗೆ ನಾವಿಬ್ರು ಇದ್ವಿರೀ ಸಾವ್ಕಾರ್ರ. ಒಬ್ಬಾಕಿ ದಣದ್ರ ಇನ್ನೊಬ್ಬಾಕಿ ಹಿಡೀತಿದ್ಲು. ಇದು ಒಂಟಿ ಐತಿ."

"ಅದಕ್ಕೂ ಒಂದು ಕಪ್ಪು ಚಾ ಕುಡಿಸವಾ!" ಹೊರಗಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು.

ಸಾವ್ಕಾರನಿಗೆ ನಗು ಚುಚ್ಚಿತು. ನೆನೆದ ಉದ್ದಿನಬೇಳೆಯನ್ನು ಜಾರಿನ ಕಂಠದವರೆಗೆ ಒತ್ತಿ ತುಂಬಿದ. ನೀರಿನ ತಂಬಿಗೆ ದೂರ ಸರಿಸಿದ. "ವಡಿ ಹಿಟ್ಟು ಕಲ್ಲಿನಾಗ ರುಬ್ಬಿಧಂಗ ಗಟ್ಟಿ ಬರಬೇಕು." ಗುಂಡಿ ಒತ್ತಿದ.

ಯಂತ್ರ ಅರಚಿತು. ದನಿ ಇಳಿಯಿತು. ಆಮೇಲೆ ಬ್ಲೇಡು ಸಿಕ್ಕಿಬಿದ್ದು ಬರೀ ಗುಂಯ್ ಅನ್ನತೊಡಗಿತು.

"ಆರಸ್ರೀ!"

"ತಡಿ, ಬಿಡಿಸ್ಕೊಂತೈತಿ."

ಸುಟ್ಟ ವಾರ್ನಿಷಿನ ನಾತ ಅಡುಗೆಮನೆ ತುಂಬಿತು. ಕಲ್ಲವ್ವ ಪ್ಲಗ್ಗು ಕೀಳುವಷ್ಟರಲ್ಲಿ ಹೊಗೆ ಎದ್ದಿತ್ತು. ಅದರ ಮೈಗೆ ಅಂಗೈ ಇಟ್ಟಳು, ಚುರ್ರೆಂದು ಸುಟ್ಟಿತು.

ಗುರುವಾರ ಅಂದಾನಪ್ಪ ಬಂದು ತಳ ಬಿಚ್ಚಿದ. ತಂತಿಯ ಸುತ್ತುಗಳೆಲ್ಲ ಕರಿ. "ಸಿಕ್ಕಿಬಿದ್ದ ಮ್ಯಾಲೂ ಒತ್ತೇ ಹಿಡದಾರ. ಯಾರದು?"

ಪರಮೇಶ್ವರಪ್ಪನ ಹೆಂಡತಿ ಗುರುಶಾಂತವ್ವ ಅಣ್ಣನ ಹಿಂದೆ ನಿಂತಿದ್ದಳು. ಸಾವ್ಕಾರ ಅವಳ ಮುಖ ನೋಡಲಿಲ್ಲ.

"ಆ ನಾಗಿ. ಹೊಟ್ಟಿಕಿಚ್ಚಿಗೆ ಒಳಗ ನುಗ್ಗಿ ಒತ್ತಿದ್ಲು. ಕಲ್ಲವ್ವಾ, ನೀ ನೋಡೀಯಲ್ಲ, ಹೇಳು."

ಯಂತ್ರ ಸುಟ್ಟಿತೆಂಬ ಸುದ್ದಿ ಕೇಳಿ, ತನ್ನ ಕಲ್ಲು ಮತ್ತೆ ಬೇಕಾದೀತೆಂದು ಬೆಳಿಗ್ಗೆಯಿಂದ ನಾಗಿ ಹಿತ್ತಲಲ್ಲಿ ಕೂತಿದ್ದಳು. ಬಾಗಿಲು ತೆರೆದೇ ಇತ್ತು. ಅವಳು ತಲೆ ಎತ್ತಲಿಲ್ಲ. ಎತ್ತಿ ಏನು ಹೇಳಿದರೂ ಕೇಳುವವರು ಯಾರು?

ಕಲ್ಲವ್ವನಿಗೆ ಗೊತ್ತಿತ್ತು: ಹೇಳಿದರೆ ನಾಗಿಯನ್ನು ಊರಲ್ಲಿ ಯಾರೂ ಅಡುಗೆಮನೆಗೆ ಸೇರಿಸುವುದಿಲ್ಲ. ಹೇಳದಿದ್ದರೆ ತನ್ನ ಮನೆಯ ಒಲೆ ನಾಳೆಯಿಂದ ಹೊತ್ತುವುದಿಲ್ಲ. ಸುಟ್ಟ ಅಂಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಹೇಳಂದ್ನಲ್ಲ!" ಸಾವ್ಕಾರ ಗದರಿದ.

"ಹೇಳೂದಿಲ್ರೀ," ಅಂದಳು.