ಮುಷ್ಟಿ ಹಿಡಿದರೆ ತುಟಿ ಮುಚ್ಚು

ಗುಬ್ಬಿಗೆ ನಗಲು ಬರುವುದಿಲ್ಲ ಎಂದು ನಮ್ಮ ಸಂಪಾದಕರು ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಗುಬ್ಬಿ ನನ್ನ ನಾದಿನಿ. ಅವಳು ಮನೆಯಲ್ಲಿ ನಗಲು ಶುರುಮಾಡಿದರೆ ಪಕ್ಕದ ಮನೆಯವರು ಟಿವಿಯ ಸದ್ದು ಜೋರು ಮಾಡಿಕೊಳ್ಳುತ್ತಾರೆ. ಅಂಥವಳಿಗೆ ನಗು ಬರುವುದಿಲ್ಲವಂತೆ! ಆದರೆ ಸಿಟ್ಟು ಇಳಿದ ಮೇಲೆ ನೋಡಿದರೆ ಅವರ ಮಾತಿನಲ್ಲಿ ಹುರುಳಿತ್ತು. ಮನೆಯಲ್ಲಿ ನಗುವಾಗ ಅವಳ ಅಂಗೈ ಬಾಯಿಗೆ ಅಡ್ಡ ಬಂದಿರುತ್ತದೆ. ಕ್ಯಾಮೆರಾದ ಮುಂದೆ ಅಂಗೈ ಅಡ್ಡ ಇಡುವಂತಿಲ್ಲ, ಅದಕ್ಕೆ ತುಟಿ ಬಿಗಿದುಕೊಳ್ಳುತ್ತಾಳೆ.

ಎಲ್ಲಕ್ಕೂ ಕಾರಣ ಅವಳ ಮೇಲಿನ ಸಾಲಿನ ಎಡಗಡೆಯ ಕೋರೆಹಲ್ಲು. ಪಕ್ಕದ ಹಲ್ಲಿನ ಮೇಲೆ ಅರ್ಧ ಹತ್ತಿ ಕೂತಿದೆ. ಚಿಕ್ಕವಳಿದ್ದಾಗ ಅವಳಣ್ಣ, ಅಂದರೆ ನನ್ನ ಯಜಮಾನರು, ಅದನ್ನು ‘ಮಹಡಿ ಮನೆ’ ಎಂದು ಕರೆದು ಕರೆದು ಅವಳ ಜೀವ ತಿಂದಿದ್ದರು. ಅವರು ಮರೆತರು, ಅವಳು ಮರೆಯಲಿಲ್ಲ.

ನಾನು ಈ ವಾರ್ತಾ ವಾಹಿನಿಯಲ್ಲಿ ಮೇಕಪ್ ಮಾಡುವವಳು. ಗುಬ್ಬಿ ಇಲ್ಲೇ ಸುದ್ದಿ ಬರೆಯುತ್ತಾಳೆ. ಬೇರೆಯವರು ಓದುವ ಸುದ್ದಿಯನ್ನು ತಾನೇ ಓದಬೇಕೆಂಬುದು ಅವಳ ಬಹುದಿನದ ಆಸೆ. ದನಿ ಗಂಟೆಯ ಹಾಗಿದೆ, ಒಂದಕ್ಷರ ತೊದಲುವುದಿಲ್ಲ. ಅಡ್ಡ ಬಂದದ್ದು ‘ಕೊನೆ ನಗು’. ನಮ್ಮಲ್ಲೊಂದು ಪದ್ಧತಿಯಿದೆ: ಬುಲೆಟಿನ್ನಿನ ಕೊನೆಗೆ ಒಂದು ಹಗುರ ಸುದ್ದಿ, ಆಮೇಲೆ ನಮಸ್ಕಾರ. ನಮಸ್ಕಾರ ಹೇಳಿದ ಮೇಲೂ ಕ್ಯಾಮೆರಾ ಸ್ವಲ್ಪ ಹೊತ್ತು ಮುಖದ ಮೇಲೇ ನಿಂತಿರುತ್ತದೆ. ಆಗ ಹೇಳಲು ಮಾತಿಲ್ಲ, ನೋಡಲು ಕಾಗದವಿಲ್ಲ, ಸುಮ್ಮನೆ ನಗಬೇಕು. ನೋಡುವವರು ಆ ಮುಖವನ್ನೇ ನೆನಪಿಟ್ಟುಕೊಂಡು ಟಿವಿ ಆರಿಸುತ್ತಾರೆ ಎನ್ನುವುದು ಸಂಪಾದಕರ ನಂಬಿಕೆ. ಗುಬ್ಬಿಯ ಎರಡು ಪರೀಕ್ಷಾ ಓದುಗಳನ್ನು ನೋಡಿ, ಸುದ್ದಿ ಚೆನ್ನಾಗಿ ಓದಿ ಕೊನೆಗೆ ನೋಡುವವರನ್ನೇ ಗೇಲಿ ಮಾಡಿದ ಹಾಗಿದೆ ಎಂದು ಅವರು ತಳ್ಳಿಹಾಕಿದ್ದರು.

ಅವತ್ತು ಬೆಳಿಗ್ಗೆ ನಮ್ಮ ವಾಚಕಿಯ ಗಂಟಲು ಪೂರಾ ಕಟ್ಟಿಹೋಯಿತು. ಬೇರೆ ಯಾರೂ ಹತ್ತಿರದಲ್ಲಿರಲಿಲ್ಲ. ಸಂಪಾದಕರು ಮೇಕಪ್ ಕೋಣೆಯ ಬಾಗಿಲಲ್ಲಿ ನಿಂತು, ಇವತ್ತು ಗುಬ್ಬಿ ಓದಲಿ, ಕೊನೆ ನಗು ಸರಿಯಾದರೆ ಬೆಳಗಿನ ಬುಲೆಟಿನ್ ಇನ್ನು ಮುಂದೆ ಅವಳದೇ, ಆಗದಿದ್ದರೆ ಈ ಮಾತು ಮತ್ತೆ ಎತ್ತಬಾರದು ಎಂದು ಹೇಳಿ ಹೋದರು. ನಾನು ಪೌಡರ್ ಬ್ರಷ್ ಕೈಗೆತ್ತಿಕೊಂಡೆ. ಗುಬ್ಬಿ ಕುರ್ಚಿಯಲ್ಲಿ ಕೂತಲ್ಲೇ ಕಾಲು ಕುಣಿಸುತ್ತಿದ್ದಳು. ಖುಷಿಯೋ ಭಯವೋ ಅವಳಿಗೇ ಗೊತ್ತಿರಲಿಲ್ಲ.

ಮೊದಲು ತುಟಿ ಮುಚ್ಚಿ ನಗು ಎಂದೆ. ನಕ್ಕಳು. ಅವಳ ಮೇಲ್ದುಟಿ ಮೊದಲೇ ತೆಳು, ಬಿಗಿದರೆ ಮಾಯವಾಗುತ್ತದೆ. ಗದ್ದದಲ್ಲಿ ಗುಳಿಗಳು ಬಿದ್ದವು, ಬಾಯಿಯ ಒಂದು ತುದಿ ಮಾತ್ರ ಮೇಲೆ ಹೋಯಿತು. ಅಲ್ಲಿಗೆ ಸಂಪಾದಕರು ಹೇಳಿದ ಗೇಲಿ ಸಿಕ್ಕಿತು. ಒಳಗೆ ಹಲ್ಲು ಕಚ್ಚಿಕೊಂಡಿದ್ದೀಯಾ ಎಂದು ಕೇಳಿದರೆ ಹೌದೆಂದು ತಲೆಯಾಡಿಸಿದಳು. ಒಳಗೆ ಹಲ್ಲುಗಳ ನಡುವೆ ತುಸು ಜಾಗ ಬಿಡು, ತುಟಿ ಸುಮ್ಮನೆ ಒಂದರ ಮೇಲೊಂದು ಕೂತಿರಲಿ, ನಗುವ ಕೆಲಸ ಕೆನ್ನೆ ಕಣ್ಣು ಮಾಡಲಿ ಎಂದೆ. ದವಡೆ ಸಡಿಲವಾಯಿತು, ಗೇಲಿ ಹೋಯಿತು. ಅದು ಸೌಮ್ಯವಾದ ನಗೆ, ತಪ್ಪೇನಿಲ್ಲ. ಆದರೆ ಅವತ್ತಿನ ಕೊನೆಯ ಸುದ್ದಿ ಮೃಗಾಲಯದಲ್ಲಿ ಆಗಷ್ಟೇ ಹುಟ್ಟಿದ ಜಿರಾಫೆ ಮರಿಯದು. ಅದಕ್ಕೆ ಈ ನಗೆ ಸಪ್ಪೆಯಾಗುತ್ತಿತ್ತು.

ಹಾಗಾದರೆ ಹಲ್ಲು ಬಿಟ್ಟು ನಗು ಎಂದೆ. ಅವಳು ‘ಈ’ ಎಂದು ಎಳೆದಳು. ಬಾಯಿ ಅಡ್ಡಡ್ಡ ಹಿಗ್ಗಿ, ಮೇಲಿನ ವಸಡೆಲ್ಲ ಹೊರಬಂದು, ಕತ್ತಿನ ನರ ಎದ್ದು ನಿಂತಿತು. ಹಲ್ಲಿನ ಡಾಕ್ಟರಿಗೆ ತೋರಿಸುವ ಹಾಗೆ ನಗಬೇಡ ಎಂದು ಗದರಿದೆ. ‘ಈ’ ಬಿಟ್ಟು ‘ಆ’ಕಾರದಲ್ಲಿ ಮುಗಿಯುವ ಮಾತೊಂದನ್ನು ಮೆಲ್ಲಗೆ ಹೇಳಿ ಅಲ್ಲೇ ನಿಲ್ಲಿಸು ಎಂದೆ. ನಾಲಿಗೆಯ ತುದಿ ಮೇಲಿನ ಹಲ್ಲುಗಳ ಹಿಂದೆ ಆತುಕೊಂಡಿರಲಿ, ಆಗ ಬಾಯಿ ಅತಿಯಾಗಿ ಹಿಗ್ಗುವುದಿಲ್ಲ. ಅವಳು ಕಣ್ಣು ಮುಚ್ಚಿ ‘ಅತ್ತಿಗಾ’ ಎಂದು ಕಿಚಾಯಿಸಿದಳು. ತುಟಿ ಬಿರಿಯಿತು, ಮೇಲಿನ ಹಲ್ಲುಗಳು ಮಾತ್ರ ಕಂಡವು, ವಸಡು ಒಳಗೇ ಉಳಿಯಿತು. ಮೂಲೆಯಲ್ಲಿ ಆ ಕೋರೆಹಲ್ಲು ಇಣುಕಿತು. ಅವಳ ಉದ್ದ ಮುಖ ಸಟ್ಟನೆ ಅಗಲವಾಗಿ ಹೂವಿನ ಹಾಗಾಯಿತು. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಅವಳು ಕನ್ನಡಿ ನೋಡಿ ಕೈ ಅಡ್ಡ ಹಿಡಿದಳು. ಮಹಡಿ ಮನೆ ಕಾಣುತ್ತೆ ಎಂದಳು. ನೀನು ಕನ್ನಡಿ ನೋಡುವ ಮನೆಯ ಬಚ್ಚಲಲ್ಲಿ ದೀಪ ತಲೆಯ ಮೇಲಿದೆ, ಆ ಹಲ್ಲಿನ ನೆರಳು ಪಕ್ಕದ್ದರ ಮೇಲೆ ಬಿದ್ದು ಕಪ್ಪಾಗಿ ಕಾಣುತ್ತದೆ, ಸ್ಟುಡಿಯೋದಲ್ಲಿ ಬೆಳಕು ಎದುರಿಂದ ಬರುತ್ತದೆ, ನೆರಳೇ ಇರುವುದಿಲ್ಲ ಎಂದು ತಿಳಿಹೇಳಿದೆ. ಅವಳ ಕಂದು ಲಿಪ್‌ಸ್ಟಿಕ್ ಒರೆಸಿ ಹಾಕಿದೆ. ಕಂದು ಬಣ್ಣ ಹಲ್ಲನ್ನು ಹಳದಿಯಾಗಿ ತೋರಿಸುತ್ತದೆ. ತುಸು ನೇರಳೆ ಛಾಯೆಯ ಕೆಂಪು ಹಚ್ಚಿದೆ, ಹಲ್ಲು ಬೆಳ್ಳಗೆ ಎದ್ದು ಕಂಡಿತು. ಅಷ್ಟಾದರೂ ಅವಳಿಗೆ ಧೈರ್ಯ ಸಾಲಲಿಲ್ಲ.

"ಅತ್ತಿಗೆ, ನೀವು ಕ್ಯಾಮೆರಾ ಪಕ್ಕದಲ್ಲೇ ನಿಂತಿರಿ," ಎಂದಳು. "ನನ್ನ ಹಲ್ಲು ಅಸಹ್ಯವಾಗಿ ಕಂಡ್ರೆ ಮುಷ್ಟಿ ಹಿಡೀರಿ, ತುಟಿ ಮುಚ್ಚಿಬಿಡ್ತೀನಿ. ಚೆನ್ನಾಗಿದ್ರೆ ಅಂಗೈ ತೋರಿಸಿ."

ಅಂಗೈಯೇ ತೋರಿಸುವುದು, ಬರೆದಿಟ್ಟುಕೋ ಎಂದು ಜಂಬ ಕೊಚ್ಚಿ ಅವಳನ್ನು ಎಬ್ಬಿಸಿದೆ.

ಸ್ಟುಡಿಯೋದಲ್ಲಿ ನೇರಪ್ರಸಾರದ ಕೆಂಪು ದೀಪ ಹತ್ತಿತು. ಗುಬ್ಬಿ ಓದಿದಳು, ಏನು ಓದಿದಳು! ರಸ್ತೆ ಅಗಲ ಮಾಡುವ ಸುದ್ದಿ, ಆಸ್ಪತ್ರೆಯ ಹೊಸ ಕಟ್ಟಡ, ಬಂದರಿನ ಮುಷ್ಕರ, ಒಂದಾದ ಮೇಲೊಂದು ನೀರು ಹರಿದ ಹಾಗೆ. ಕ್ಯಾಮೆರಾದವನು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ನನಗೆ ನಿಂತ ನೆಲ ಕಾಣಲಿಲ್ಲ.

ಕೊನೆಯ ಸುದ್ದಿಗೆ ಮೊದಲಿನ ಸುದ್ದಿ ಓದುವಾಗ ಅವಳು ‘ನೀರಿನ’ ಎಂದಳು, ಬಾಯಿ ಅಡ್ಡಕ್ಕೆ ಹೋಯಿತು, ಮಾನಿಟರಿನಲ್ಲಿ ನನಗೊಂದು ಕೆಂಪು ಗುರುತು ಕಂಡಿತು. ಕೋರೆಹಲ್ಲಿನ ಮೇಲೆ ಲಿಪ್‌ಸ್ಟಿಕ್! ಮುಂದೆ ಚಾಚಿದ ಹಲ್ಲು ತುಟಿಯ ಒಳಭಾಗಕ್ಕೆ ತಾಗಿ ಬಣ್ಣ ಹತ್ತಿಸಿಕೊಂಡಿತ್ತು. ಹಲ್ಲು ತೋರಿಸುವವರಿಗೆಲ್ಲ ನಾನು ಬಣ್ಣ ಹಚ್ಚಿದ ಮೇಲೆ, ಬೆರಳು ಬಾಯೊಳಗಿಟ್ಟು ತುಟಿ ಮುಚ್ಚಿ ಹೊರಗೆಳೆಯಲು ಹೇಳುತ್ತೇನೆ. ಒಳಗಿನ ಬಣ್ಣವೆಲ್ಲ ಬೆರಳಿಗೆ ಬರುತ್ತದೆ. ಗುಬ್ಬಿಗೆ ಹೇಳಿರಲಿಲ್ಲ. ಅವಳ ತುಟಿ ಎಂದರೆ ಮುಚ್ಚಿದ ತುಟಿ ಎಂದು ನನ್ನ ಕೈಗೆ ರೂಢಿಯಾಗಿಬಿಟ್ಟಿತ್ತು. ಅವಳ ನಗು ಬದಲಾಯಿಸಿದೆ, ನನ್ನ ಕೈ ಬದಲಾಯಿಸಲಿಲ್ಲ.

ಕೆಂಪಾದ ಕೋರೆಹಲ್ಲು ತೋರಿಸಿ ಅವಳು ಊರಿಗೆಲ್ಲ ನಕ್ಕರೆ ಮುಗಿಯಿತು ಕಥೆ. ಬೇರೇನೂ ತೋಚದೆ ಮುಷ್ಟಿ ಎತ್ತಿದೆ.

ಗುಬ್ಬಿ ನೋಡಿದಳು. ದನಿ ಅಲ್ಲಾಡಲಿಲ್ಲ, ಆದರೆ ಕಣ್ಣು ತುಂಬಿತು. ಆಗ ನನಗೆ ಹೊಳೆಯಿತು: ನಮ್ಮಿಬ್ಬರ ಲೆಕ್ಕದಲ್ಲಿ ಮುಷ್ಟಿಗೆ ಒಂದೇ ಅರ್ಥ, ನಿನ್ನ ಹಲ್ಲು ಅಸಹ್ಯವಾಗಿದೆ ಎಂದು. ಅಣ್ಣ ಹೇಳಿದ್ದನ್ನೇ ಅತ್ತಿಗೆಯೂ ಹೇಳಿದಳು ಎಂದುಕೊಂಡಿರುತ್ತಾಳೆ.

ಅವಳು ಜಿರಾಫೆಯ ಸುದ್ದಿಯ ಮೊದಲ ಸಾಲು ಓದಿದಳು, ಪರದೆಯ ಮೇಲೆ ಮೃಗಾಲಯದ ದೃಶ್ಯ ಶುರುವಾಯಿತು. ದೃಶ್ಯ ಓಡುವಷ್ಟು ಹೊತ್ತು ಅವಳ ಮುಖ ಟಿವಿಯಲ್ಲಿ ಬರುವುದಿಲ್ಲ, ಮೈಕೂ ಬಂದ್. ಕೊನೆಯ ದೃಶ್ಯ ಓಡುವಾಗ ಯಾರೂ ಮೇಜಿನ ಹತ್ತಿರ ಹೋಗಕೂಡದು ಎಂಬುದು ನಮ್ಮಲ್ಲಿ ಕಲ್ಲಿನ ಮೇಲೆ ಕೊರೆದ ನಿಯಮ. ನಾನು ಚಪ್ಪಲಿ ಬಿಟ್ಟು ಓಡಿದೆ. ಸ್ಟುಡಿಯೋ ನೋಡಿಕೊಳ್ಳುವ ಫ್ಲೋರ್ ಮ್ಯಾನೇಜರ್ ತಡೆಯಲೆಂದು ನನ್ನ ಸೆರಗು ಹಿಡಿಯಹೋದ, ಸಿಗಲಿಲ್ಲ.

"ಹಲ್ಲಿಗೆ ಲಿಪ್‌ಸ್ಟಿಕ್ ಹತ್ತಿದೆ ಕಣೇ, ಅಷ್ಟೇ. ತಪ್ಪು ನಂದು," ಎಂದು ಅವಳ ಕೈಗೆ ಟಿಶ್ಯೂ ತುರುಕಿದೆ. "ಹಲ್ಲು ಚೆನ್ನಾಗಿದೆ. ಅದೇ ಚೆಂದ ನಿಂಗೆ."

ಅವಳು ಹಲ್ಲು ಒರೆಸಿಕೊಂಡಳು, ನಾನು ಅವಳ ಕಣ್ಣಂಚು ಒತ್ತಿ ಒರೆಸಿದೆ. ಫ್ಲೋರ್ ಮ್ಯಾನೇಜರ್ ಬೆರಳು ಮಡಿಸುತ್ತ ಎಣಿಸತೊಡಗಿದ. ವಾಪಸ್ಸು ಓಡಲು ಹೊತ್ತಿರಲಿಲ್ಲ. ಸೆರಗು ಬಾಚಿಕೊಂಡು ಮೇಜಿನ ಕೆಳಗೆ ನುಗ್ಗಿದೆ. ತಲೆ ಹಲಗೆಗೆ ಟಪ್ಪೆಂದು ಬಡಿಯಿತು.

ಮೇಲೆ ಗುಬ್ಬಿಯ ದನಿ ಕೇಳಿತು. ಮರಿ ನಾಲ್ಕು ಸಲ ಬಿದ್ದು ಐದನೆಯ ಸಲ ಎದ್ದು ನಿಂತಿತು ಎಂದು ಓದುತ್ತಿದ್ದಳು. ಅವಳ ಮೊಣಕಾಲು ನನ್ನ ಮೂಗಿನ ಮುಂದೆ ಗಡಗಡ ಅಲುಗುತ್ತಿತ್ತು. ನಮಸ್ಕಾರ ಹೇಳಿದಳು. ಆಮೇಲೆ ಸಂಗೀತ. ಕೊನೆ ನಗುವಿನ ಹೊತ್ತು. ಇಷ್ಟು ವರ್ಷ ಕಾದ ಆ ನಗುವನ್ನು ಊರೆಲ್ಲ ನೋಡುತ್ತಿದ್ದರೆ ನಾನೊಬ್ಬಳು ಕತ್ತಲಲ್ಲಿ ನಾದಿನಿಯ ಮೊಣಕಾಲು ನೋಡುತ್ತ ಕೂತಿದ್ದೆ. ಅಂಗೈಯನ್ನಾದರೂ ತೋರಿಸೋಣವೆಂದು ಅವಳ ಮಂಡಿಯ ಮೇಲೆ ಅಗಲವಾಗಿ ಒತ್ತಿದೆ.

ಕೆಂಪು ದೀಪ ಆರಿದ ಮೇಲೆ ತೆವಳಿಕೊಂಡು ಹೊರಬಂದರೆ ಸಂಪಾದಕರು ಎದುರಿಗೇ ನಿಂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು, ನಿಯಮ ಮುರಿದದ್ದಕ್ಕೆ ಆಮೇಲೆ ವಿಚಾರಿಸುತ್ತೇನೆ ಎಂದರು. ಗುಬ್ಬಿಗೆ ಮಾತ್ರ, ನಾಳೆ ಬೆಳಿಗ್ಗೆ ಬೇಗ ಬರಬೇಕು ಎಂದರು. ಅವಳು ನನ್ನನ್ನು ಅಪ್ಪಿಕೊಂಡು ಕಿರುಚಿದಳು, ನಾನೂ ಕಿರುಚಿದೆ.

ಆಮೇಲೆ ರೆಕಾರ್ಡಿಂಗ್ ಹಾಕಿಸಿ ನೋಡಿದೆ. ಬರೀ ನಾನು ಕಲಿಸಿದ ನಗುವಲ್ಲ ಅದು. ಶುರುವಾದದ್ದು ಹಾಗೆಯೇ, ಆದರೆ ನನ್ನ ಅಂಗೈ ತಾಗಿದ ಗಳಿಗೆ ಕಣ್ಣು ಸಣ್ಣದಾಗಿ, ಕೆನ್ನೆ ಏರಿ, ವಸಡೂ ಒಂದು ಎಳೆ ಕಂಡಿತು. ಕೋರೆಹಲ್ಲು ಬೆಳ್ಳಗೆ, ಯಾರ ಮುಲಾಜೂ ಇಲ್ಲದೆ ಕೂತಿತ್ತು. ಇಂಥ ಮುಖಕ್ಕೆ ಆ ಹಲ್ಲು ಇಲ್ಲದಿದ್ದರೆ ಏನೋ ಕಳೆದುಹೋದ ಹಾಗಿರುತ್ತಿತ್ತು. ನಾನು ಎರಡು ಸಲ ನೋಡಿದೆ, ಎರಡು ಸಲವೂ ಅತ್ತೆ.

ಮಾರನೆಯ ದಿನ ಕೊನೆಯದು ಹಗುರ ಸುದ್ದಿಯಾಗಿರಲಿಲ್ಲ. ಶಾಲೆಯ ಮುಂದೆ ಐವತ್ತು ವರ್ಷ ಮಕ್ಕಳನ್ನು ರಸ್ತೆ ದಾಟಿಸಿದ ಅಜ್ಜಿ ತೀರಿಕೊಂಡಿದ್ದರು, ಮಕ್ಕಳೆಲ್ಲ ಹೂ ಹಿಡಿದು ಸಾಲಾಗಿ ನಿಂತಿದ್ದರು. ಇದಕ್ಕೆ ಎಂಥ ನಗು ಎಂದು ನನಗೆ ಚಿಂತೆ ಹತ್ತಿತು. ಬೆರಳಿನಿಂದ ತುಟಿಯ ಒಳಗಿನ ಬಣ್ಣ ತೆಗೆಸಿ, ಕ್ಯಾಮೆರಾದ ಪಕ್ಕ ನಿಂತು, ಮುಷ್ಟಿಯೋ ಅಂಗೈಯೋ ಎಂದು ಕೈ ಅರ್ಧ ಎತ್ತಿದ್ದೆ. ಕೆಂಪು ದೀಪ ಹತ್ತುವ ಮುಂಚೆ ಗುಬ್ಬಿ ಕಾಗದ ಜೋಡಿಸುತ್ತ ನನ್ನ ಕಡೆ ನೋಡಿದಳು.

"ಅತ್ತಿಗೆ, ಕೈ ಕೆಳಗಿಳಿಸಿ," ಎಂದಳು. "ನನ್ನ ಬಾಯಿ, ನಂಗೆ ಗೊತ್ತಾಗುತ್ತೆ."

ಕೊನೆಯಲ್ಲಿ ಅವಳು ತುಟಿ ಮುಚ್ಚಿಯೇ ನಕ್ಕಳು. ಗದ್ದದಲ್ಲಿ ಗುಳಿಯಿಲ್ಲ, ಬಿಗಿತವಿಲ್ಲ, ಅಡಗಿಸಿದ್ದೇನೂ ಇಲ್ಲ. ನಾನು ಕೈ ಕಟ್ಟಿಕೊಂಡು ನೋಡುತ್ತ ನಿಂತಿದ್ದೆ.